ಹೊಸ ವರ್ಷದ ದಿನ ಒಳ್ಳೆಯ ಮೇಲ್‌ಗಳು ಸ್ಪ್ಯಾಮ್ ಆದದ್ದು ಹೇಗೆ?

2010ರ ಜನವರಿ 1. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಇಮೇಲ್ ಫಿಲ್ಟರ್ ಬಳಸುತ್ತಿದ್ದ ಸರ್ವರ್‌ಗಳಲ್ಲಿ ಅಂದು ಬಂದ ಸಾದಾ ಮೇಲ್‌ಗಳಿಗೂ ಸ್ಪ್ಯಾಮ್ ಅಂಕ ಬೀಳತೊಡಗಿತು. ಎಷ್ಟೋ ಒಳ್ಳೆಯ ಮೇಲ್‌ಗಳು ಸ್ಪ್ಯಾಮ್ ಫೋಲ್ಡರ್ ಸೇರಿದವು. ಕಾರಣ ಈ ಒಂದು ಸಾಲು:

```
header FH_DATE_PAST_20XX Date =~ /20[1-9][0-9]/ [if-unset: 2006]
```

ಮೇಲ್‌ನ ತಾರೀಖಿನಲ್ಲಿ 2010ರಿಂದ 2099ರವರೆಗಿನ ಯಾವ ಇಸವಿ ಕಂಡರೂ ಅಂಕ ಹಾಕು ಅಂತ ಇದರ ಅರ್ಥ. ಬರೆದಾಗ ಇದು ಒಳ್ಳೆಯ ನಿಯಮವೇ ಆಗಿತ್ತು. ತಮ್ಮ ಮೇಲ್ ಇನ್‌ಬಾಕ್ಸ್‌ನಲ್ಲಿ ಎಲ್ಲಕ್ಕಿಂತ ಮೇಲೆ ಕೂರಲಿ ಅಂತ ಸ್ಪ್ಯಾಮ್ ಕಳಿಸುವವರು ಮುಂದಿನ ಯಾವುದೋ ವರ್ಷದ ತಾರೀಖು ಹಾಕುತ್ತಿದ್ದರು. ಪ್ರಾಮಾಣಿಕರು ಯಾಕೆ ಹಾಗೆ ಮಾಡ್ತಾರೆ, ಅಲ್ವಾ? ಆದರೆ ಆ ಮುಂದಿನ ವರ್ಷ ಬಂದೇ ಬಿಟ್ಟಿತು. ನಿಯಮ ಮಾತ್ರ ಹಳೆಯದೇ ಉಳಿಯಿತು.

ಸ್ಪ್ಯಾಮ್‌ಅಸ್ಯಾಸಿನ್ 2001ರಲ್ಲಿ ಹೊರಬಂದದ್ದು. ಅದರ ಮೂಲ ವಿಧಾನ ಸರಳ. ಮನುಷ್ಯರು ನೂರಾರು ನಿಯಮಗಳನ್ನು ಬರೆದಿರುತ್ತಾರೆ. ಪ್ರತಿ ನಿಯಮಕ್ಕೂ ಒಂದು ಅಂಕ. ಮೇಲ್‌ಗೆ ತಗುಲಿದ ನಿಯಮಗಳ ಅಂಕಗಳನ್ನೆಲ್ಲ ಕೂಡಿ, ಮೊತ್ತ 5 ಮುಟ್ಟಿದರೆ ಸ್ಪ್ಯಾಮ್. ತಾರೀಖಿನ ಈ ಒಂದು ನಿಯಮಕ್ಕೇ ಸಾಮಾನ್ಯ ಸೆಟ್ಟಿಂಗ್‌ಗಳಲ್ಲಿ 3ಕ್ಕಿಂತ ಜಾಸ್ತಿ ಅಂಕವಿತ್ತು. ಹಾಗಾಗಿ ಇನ್ನೊಂದೆರಡು ಸಣ್ಣ ನಿಯಮ ತಗುಲಿದರೂ ಸಾಕು, ಹೊಸ ವರ್ಷದ ಶುಭಾಶಯವೂ ಗಡಿ ದಾಟುತ್ತಿತ್ತು.

ಇನ್ನೊಂದು ದಾರಿ ಬೇರೆಯೇ ಪ್ರಶ್ನೆಯಿಂದ ಶುರುವಾಗುತ್ತದೆ. ಸ್ಪ್ಯಾಮ್ ಹೇಗಿರುತ್ತದೆ ಅಂತ ನಾವೇ ಹೇಳಿಕೊಡುವ ಬದಲು, 'ಇದು ಸ್ಪ್ಯಾಮ್, ಇದು ಒಳ್ಳೆಯದು' ಅಂತ ಗುರುತು ಹಾಕಿದ ಮೇಲ್‌ಗಳನ್ನು ಕೊಟ್ಟು ಕಂಪ್ಯೂಟರನ್ನೇ ಲೆಕ್ಕ ಹಾಕಲು ಬಿಟ್ಟರೆ? ಹೀಗೆ ಉದಾಹರಣೆಗಳಿಂದ ಕಲಿತು ವಿಂಗಡಿಸುವ ಪ್ರೋಗ್ರಾಮನ್ನು ಕ್ಲಾಸಿಫೈಯರ್ ಅನ್ನುತ್ತಾರೆ. ಸ್ಪ್ಯಾಮ್‌ಗೆ ಈ ವಿಧಾನವನ್ನು ಬಳಸಿದ ಸಂಶೋಧನೆ 1998ರಲ್ಲೇ ಬಂದಿತ್ತು. ಅದು ಜನಪ್ರಿಯವಾದದ್ದು 2002ರ ಆಗಸ್ಟ್‌ನಲ್ಲಿ, ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ಒಂದು ಲೇಖನದಿಂದ. ಅವರೂ ಮೊದಲು ಸುಮಾರು ಆರು ತಿಂಗಳು ಸ್ಪ್ಯಾಮ್‌ನ ಲಕ್ಷಣಗಳನ್ನು ಒಂದೊಂದಾಗಿ ಹುಡುಕುವ ಪ್ರೋಗ್ರಾಮ್ ಬರೆದಿದ್ದರು. ಆಮೇಲೆ ಸುಮಾರು 4000 ಸ್ಪ್ಯಾಮ್, 4000 ಒಳ್ಳೆಯ ಮೇಲ್ ಇಟ್ಟುಕೊಂಡು ಪದಗಳನ್ನು ಎಣಿಸಿದರು. `ff0000` ಅನ್ನುವುದೂ ಸ್ಪ್ಯಾಮ್‌ನ ಬಲವಾದ ಸುಳಿವು ಅಂತ ಆಗ ಗೊತ್ತಾಯಿತು. ಅದು ಕಣ್ಣು ಕುಕ್ಕುವ ಕೆಂಪು ಬಣ್ಣದ ಸಂಕೇತ. ನಿಯಮ ಬರೆಯಲು ಕೂತ ಯಾರಿಗೆ ಇದು ಹೊಳೆದೀತು? ಈ ವಿಧಾನ ನನಗೆ ತುಂಬಾ ಇಷ್ಟವಾಗುವುದು ಇಲ್ಲೇ.

ಎಣಿಕೆ ಹೇಗೆ ತೀರ್ಪಾಗುತ್ತದೆ ನೋಡಿ. ನಮ್ಮ ಬಳಿ 1000 ಸ್ಪ್ಯಾಮ್, 1000 ಒಳ್ಳೆಯ ಮೇಲ್ ಇವೆ ಅಂದುಕೊಳ್ಳಿ. 'ಬಹುಮಾನ' ಎಂಬ ಪದ 180 ಸ್ಪ್ಯಾಮ್‌ನಲ್ಲಿ, 20 ಒಳ್ಳೆಯದರಲ್ಲಿ ಸಿಕ್ಕಿತು. ಅಂದರೆ 200ರಲ್ಲಿ 180, ಆ ಪದದ ಬೆಲೆ 0.9. 'ಸಭೆ' 10 ಸ್ಪ್ಯಾಮ್‌ನಲ್ಲಿ, 190 ಒಳ್ಳೆಯದರಲ್ಲಿ ಸಿಕ್ಕಿತು, ಅದರ ಬೆಲೆ 0.05. ಈಗ ಎರಡೂ ಪದ ಇರುವ ಒಂದು ಮೇಲ್ ಬಂತು, ಸಂಘದ ಬಹುಮಾನ ವಿತರಣೆಯ ಸಭೆಗೆ ಕರೆ:

```
(0.9 × 0.05) / (0.9 × 0.05 + 0.1 × 0.95) = 0.045 / 0.14 ≈ 0.32
```

ಗ್ರಹಾಂ ಇಟ್ಟ ಗಡಿ 0.9. ಹಾಗಾಗಿ ಈ ಮೇಲ್ ಪಾರು. 'ಬಹುಮಾನ ಕಂಡರೆ ತಡೆ' ಅಂತ ಸುಮ್ನೆ ಒಂದು ನಿಯಮ ಬರೆದಿದ್ದರೆ ಸಿಕ್ಕಿಬೀಳುತ್ತಿತ್ತು. ಇಲ್ಲಿ ಪದ ತಪ್ಪು ದಾರಿಗೆ ಎಳೆದರೂ ಪಕ್ಕದ ಪದ ವಾಪಸ್ ಎಳೆಯುತ್ತದೆ.

ಹಾಗಾದರೆ ಆ ನಿಯಮದ ಬದಲು ಕ್ಲಾಸಿಫೈಯರ್ ಇದ್ದಿದ್ದರೆ ಜನವರಿ 1ರ ಎಡವಟ್ಟು ತಪ್ಪುತ್ತಿತ್ತೇ? ಖಂಡಿತ ತಪ್ಪುತ್ತಿತ್ತು ಅನ್ನಲಾಗದು. 2009ರ ಮೇಲ್‌ಗಳನ್ನಷ್ಟೇ ಓದಿದ ಕ್ಲಾಸಿಫೈಯರ್, ತಾರೀಖಿನಲ್ಲಿ '2010' ಇರುವುದನ್ನು ಸ್ಪ್ಯಾಮ್‌ನಲ್ಲಿ ಮಾತ್ರ ನೋಡಿರುತ್ತದೆ. ಅದೂ ಅದೇ ತಪ್ಪು ಕಲಿತೀತು. ನಿಜ ಹೇಳಬೇಕೆಂದರೆ, ಆ ನಿಯಮದ ಅಂಕವೂ ಯಾರೋ ಊಹಿಸಿ ಹಾಕಿದ್ದಲ್ಲ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ನಿಯಮದ ಷರತ್ತು ಬರೆಯುವುದು ಮನುಷ್ಯರಾದರೂ, ಅಂಕಗಳನ್ನು ಗುರುತು ಹಾಕಿದ ಮೇಲ್‌ಗಳ ಮೇಲೆ ಪರೀಕ್ಷೆ ಮಾಡಿ ನಿಗದಿ ಮಾಡುತ್ತಿದ್ದರು. ಆ ರಾಶಿ 2010ಕ್ಕಿಂತ ಹಿಂದಿನದು. ಅದರಲ್ಲಿ ಈ ನಿಯಮ ಒಳ್ಳೆಯವರಿಗೆ ತಗುಲುವುದೇ ಕಷ್ಟ. ಅದಕ್ಕೇ ಅಂಕ ಅಷ್ಟು ಏರಿದ್ದು.

ಎರಡಕ್ಕೂ ಇರುವ ವ್ಯತ್ಯಾಸ ಜಾಸ್ತಿ ಕಾಣುವುದು ತಪ್ಪು ಆದ ಮೇಲೆ. ಸ್ಪ್ಯಾಮ್‌ಅಸ್ಯಾಸಿನ್ ನೋಡಿದ ಮೇಲ್‌ನ ಹೆಡರ್‌ನಲ್ಲಿ `X-Spam-Status` ಎಂಬ ಸಾಲು ಇರುತ್ತದೆ. ತಗುಲಿದ ನಿಯಮಗಳ ಹೆಸರು ಅದರಲ್ಲೇ ಬರುತ್ತದೆ. ಅಂದು ಅದನ್ನು ತೆರೆದವರಿಗೆ `FH_DATE_PAST_20XX` ಕಣ್ಣೆದುರೇ ಸಿಕ್ಕಿತು. ನಿಯಮದಲ್ಲಿ `[1-9]` ಇದ್ದದ್ದನ್ನು `[2-9]` ಮಾಡಿದರು, ತೊಂದರೆ ನಿಂತಿತು. ಆದರೆ ಸ್ಪ್ಯಾಮ್‌ಅಸ್ಯಾಸಿನ್‌ಗೆ 2003ರಲ್ಲೇ ಸೇರಿದ ಕ್ಲಾಸಿಫೈಯರ್ ತಪ್ಪು ಮಾಡಿದರೆ ಅದೇ ಸಾಲಿನಲ್ಲಿ ಕಾಣುವುದು `BAYES_99` ಅಂತ ಅಷ್ಟೇ. 'ಸ್ಪ್ಯಾಮ್ ಆಗುವ ಸಾಧ್ಯತೆ ಶೇ. 99 ಅಥವಾ ಹೆಚ್ಚು' ಅಂತ ಅದು ಹೇಳುತ್ತದೆ. ಯಾವ ಪದದಿಂದ ಅಂತ ಅಲ್ಲಿ ಹೇಳುವುದಿಲ್ಲ. ತಿದ್ದಲು ಬದಲಿಸುವ ಸಾಲೂ ಇಲ್ಲ. ತಪ್ಪಾಗಿ ಸಿಕ್ಕಿಬಿದ್ದ ಮೇಲ್‌ಗಳನ್ನು ಆರಿಸಿ `sa-learn --ham` ಮೂಲಕ ಮತ್ತೆ ಓದಿಸಬೇಕು. ಹೊಸದಾಗಿ ಶುರು ಮಾಡುವವರು ಇನ್ನೂ ಸ್ವಲ್ಪ ಕಾಯಬೇಕು. ಮಾಮೂಲಿ ಸೆಟ್ಟಿಂಗ್‌ನಲ್ಲಿ 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ಓದುವ ತನಕ ಆ ಕ್ಲಾಸಿಫೈಯರ್ ಬಾಯಿ ಬಿಡುವುದಿಲ್ಲ. ಅಲ್ಲಿಯವರೆಗೆ ಕೆಲಸ ಮಾಡುವುದು ಮನುಷ್ಯರು ಬರೆದ ನಿಯಮಗಳೇ.