ತೊಡದೇವು ಎಷ್ಟನೇ ಸೆಕೆಂಡಿಗೆ ಕಂಡಿತು?

ಶಿರಸಿ, ಕುಮಟಾ, ಕಾರವಾರದ ಕಡೆ ಅಡುಗೆ, ತೋಟ, ಮೀನುಗಾರಿಕೆಯ ಯೂಟ್ಯೂಬ್ ಚಾನೆಲ್ ನಡೆಸುವವರು ಮೊದಲ ಸಲ ಎಡಿಟರನ್ನು ಇಟ್ಟುಕೊಂಡಾಗ ಕಳಿಸುವ ವಾಟ್ಸಾಪ್ ಸಂದೇಶಗಳೆಲ್ಲ ಒಂದೇ ಅಚ್ಚಿನವು. ‘ಸ್ವಲ್ಪ ಜೀವ ತುಂಬು.’ ‘ಯಾಕೋ ಎಳೆದ ಹಾಗಾಯ್ತು.’ ಕೆಳಗೆ ಅನಲಿಟಿಕ್ಸ್‌ನ ಆರೇಳು ಸ್ಕ್ರೀನ್‌ಶಾಟ್, ಅದರಲ್ಲಿ ಅರ್ಧ ಥಂಬ್‌ನೇಲ್‌ಗೆ ಬಿದ್ದ ಕ್ಲಿಕ್ಕಿನ ಲೆಕ್ಕ. ಕ್ಲಿಕ್ ಕಡಿಮೆ ಬಿದ್ದರೆ ಅದು ಥಂಬ್‌ನೇಲ್ ಮತ್ತು ಶೀರ್ಷಿಕೆಯ ಪ್ರಶ್ನೆ. ಟೈಮ್‌ಲೈನಿನ ಮುಂದೆ ಕೂತ ಹುಡುಗ ಆ ಅಂಕಿ ಇಟ್ಟುಕೊಂಡು ಏನು ಕತ್ತರಿಸಬೇಕು?

ಎಡಿಟರಿಗೆ ಬೇಕಾದ ಅಂಕಿ ರಿಟೆನ್ಷನ್ ಗ್ರಾಫಿನಲ್ಲಿದೆ, ಅಂದರೆ ವೀಡಿಯೊದ ಪ್ರತಿ ಕ್ಷಣದಲ್ಲಿ ನೂರಕ್ಕೆ ಎಷ್ಟು ಮಂದಿ ನೋಡುತ್ತಿದ್ದರು ಎಂಬ ಗೆರೆಯಲ್ಲಿ. ಅದರಿಂದ ಮೂರು ಜಾಗ ಆರಿಸಿದರೆ ಒಂದು ವೀಡಿಯೊಕ್ಕೆ ಸಾಕು: 30ನೇ ಸೆಕೆಂಡಿನಲ್ಲಿ ಉಳಿದವರು, ಎಲ್ಲಕ್ಕಿಂತ ಆಳವಾದ ಒಂದು ತಗ್ಗು, ಎಲ್ಲಕ್ಕಿಂತ ಎತ್ತರದ ಒಂದು ಉಬ್ಬು. ಅಪ್‌ಲೋಡ್ ಆದ ಸಂಜೆಯೇ ನೋಡಬೇಡಿ. ಈ ಲೆಕ್ಕ ಬರಲು ಒಂದೆರಡು ದಿನ ಹಿಡಿಯುತ್ತದೆ. ನೂರಿಪ್ಪತ್ತು ವ್ಯೂ ಇರುವಾಗ ಎಂಟು ಶೇಕಡಾ ಇಳಿತವೆಂದರೆ ಹತ್ತೇ ಜನ. ಅವರಲ್ಲಿ ನಾಲ್ವರು ಬೆಂಗಳೂರಿನ ನೆಂಟರು, ಲಿಂಕ್ ಒತ್ತಿ, ಲೈಕ್ ಕೊಟ್ಟು, ಮುಚ್ಚಿದವರು. ಸಾವಿರ ದಾಟಿದ ಮೇಲೆ ಗೆರೆಯನ್ನು ತಕ್ಕಮಟ್ಟಿಗೆ ನಂಬಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಹಾಕಿಕೊಂಡವು. ಅಕ್ಕಿ ಹಿಟ್ಟು, ಕಬ್ಬಿನ ಹಾಲಿನಿಂದ ಬೋರಲು ಮಡಕೆಯ ಮೇಲೆ ಹಾಳೆಯಂತೆ ತೆಳುವಾಗಿ ಮಾಡುವ ಸಿಹಿತಿಂಡಿ ತೊಡದೇವು. ಆಲೆಮನೆ ಹಂಗಾಮಿನಲ್ಲಿ ತೆಗೆದ ಅದರ ವೀಡಿಯೊ, ಉದ್ದ 9 ನಿಮಿಷ 20 ಸೆಕೆಂಡ್, ವ್ಯೂ 2,400. ಮಾಲಕಿ ಬರೆಯಬಹುದಾದ ಟಿಪ್ಪಣಿ ಇಷ್ಟು:

‘ತಮ್ಮಾ, ಸಮಯವೆಲ್ಲ ಯೂಟ್ಯೂಬಿಗೆ ಹಾಕಿದ ವೀಡಿಯೊದ್ದು, ನಿನ್ನ ಪ್ರಾಜೆಕ್ಟಿನದಲ್ಲ.

ಒಂದು, 0:30ಕ್ಕೆ ಉಳಿದವರು ಶೇ. 46. ನಮ್ಮ ಇಷ್ಟೇ ಉದ್ದದ ಹಿಂದಿನ ವೀಡಿಯೊಗಳಲ್ಲಿ 58ರ ಆಸುಪಾಸು ಇರ್ತಿತ್ತು. ಈ ಸಲ 8 ಸೆಕೆಂಡ್ ಡ್ರೋನ್, 6 ಸೆಕೆಂಡ್ ಲೋಗೋ, 16 ಸೆಕೆಂಡ್ ನನ್ನ ನಮಸ್ಕಾರ. ತೊಡದೇವು ಕಂಡದ್ದೇ 1:05ಕ್ಕೆ. ಮುಂದಿನದರಲ್ಲಿ ತಿಂಡಿ ಮಡಕೆಯಿಂದ ಏಳುವ ಶಾಟ್ ಎಲ್ಲಕ್ಕಿಂತ ಮೊದಲು 5 ಸೆಕೆಂಡ್ ಬರಲಿ, ಆಮೇಲೆ ನನ್ನ ಒಂದೇ ವಾಕ್ಯ. ಲೋಗೋ 2 ಸೆಕೆಂಡಿಗಿಂತ ಹೆಚ್ಚು ಬೇಡ.

ಎರಡು, 3:10ರಿಂದ 4:02. ಶೇ. 39 ಇದ್ದದ್ದು 31ಕ್ಕೆ ಇಳಿದು, 4:05ಕ್ಕೆ ಮತ್ತೆ 37. ಅಲ್ಲಿರೋದು ಅಕ್ಕಿ ರುಬ್ಬುವ ಒಂದೇ ಶಾಟ್. ಅದನ್ನು 12 ಸೆಕೆಂಡಿಗೆ ಇಳಿಸು. ಕಬ್ಬಿನ ಹಾಲು ಎಷ್ಟು ಅಂತ ನಾನು ಹೇಳುವ ಮಾತು ಮಾತ್ರ ತೆಗೀಬೇಡ, ಅದನ್ನು ಅಕ್ಷರದಲ್ಲೂ ಹಾಕು.

ಮೂರು, 5:41. ಶೇ. 35ರಿಂದ 43ಕ್ಕೆ ಏರಿದೆ. ಬೋರಲು ಮಡಕೆಯ ಮೇಲೆ ಬಟ್ಟೆ ಎಳೆಯುವ ಜಾಗ. ನೀನು 3 ಸೆಕೆಂಡಿಗೆ ಕತ್ತರಿಸಿ ನನ್ನ ಮುಖಕ್ಕೆ ಹೋಗಿದ್ದೀಯ. ಬಟ್ಟೆ ಅದ್ದುವುದರಿಂದ ಹಾಳೆ ಬಿಡಿಸಿ ಬಿಸಿಯಲ್ಲೇ ಮಡಚುವವರೆಗೆ ಕತ್ತರಿ ಹಾಕದೆ ಒಮ್ಮೆ, ಹತ್ತಿರದಿಂದ ನಿಧಾನವಾಗಿ ಇನ್ನೊಮ್ಮೆ ತೋರಿಸು.’

ಅಷ್ಟೇ. ‘ಚೆನ್ನಾಗಿಲ್ಲ’ ಎಂಬ ಮಾತು ಎಲ್ಲೂ ಇಲ್ಲ. ಸಮಯ, ಆ ಹೊತ್ತಿಗೆ ಪರದೆಯ ಮೇಲೆ ಇದ್ದದ್ದು, ಮಾಡಬೇಕಾದ ಕತ್ತರಿ, ಈ ಮೂರೂ ಪ್ರತಿ ಅಂಕಿಯ ಬೆನ್ನಿಗಿವೆ. ಸಮಯ ಯಾವುದರದ್ದು ಎಂದು ಮೊದಲೇ ಹೇಳಿದ್ದಕ್ಕೂ ಕಾರಣವಿದೆ: ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನಲ್ಲಿ ಟೈಮ್‌ಲೈನ್ ಸಾಮಾನ್ಯವಾಗಿ 01:00:00:00ರಿಂದ ಶುರುವಾಗುತ್ತದೆ. ‘3:10’ ಎಂದಷ್ಟೇ ಬರೆದರೆ ಹೊಸಬ ಒಂದು ದಿನ ತಪ್ಪು ಜಾಗದಲ್ಲಿ ಕತ್ತರಿ ಆಡಿಸಿರುತ್ತಾನೆ.

46 ಎಂಬುದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬೇರೆ ಯಾರದ್ದೋ ಚಾನೆಲಿನ 70ರ ಜೊತೆ ಹೋಲಿಸಿ ಎಡಿಟರನ್ನು ಗದರುವವರಿದ್ದಾರೆ, ಅದು ಅನ್ಯಾಯ. ಅದೇ ಉದ್ದದ ನಿಮ್ಮದೇ ಹಿಂದಿನ ಹತ್ತು ವೀಡಿಯೊಗಳ ಜೊತೆ ಹೋಲಿಸಿ. ಯೂಟ್ಯೂಬ್ ಸ್ಟುಡಿಯೋ ‘ಟಿಪಿಕಲ್’ ಎಂದು ತೋರಿಸುವುದೂ ಅದನ್ನೇ. ಒಂದು ನಿಮಿಷದ ತುಣುಕಿಗೂ ಹದಿನೈದು ನಿಮಿಷದ ಪಾಕವಿಧಾನಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು.

ತಗ್ಗಿನ ವಿಷಯವನ್ನು ಎಷ್ಟು ಸಲ ಹೇಳಿದರೂ ಜನ ಮರೆಯುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಗೆರೆ ಇಳಿದು ಮತ್ತೆ ಏರಿದರೆ ಜನ ಆ ತುಂಡನ್ನು ಹಾರಿಸಿ ಮುಂದೆ ಹೋಗಿದ್ದಾರೆ; ಮುಂದಿನದು ಅವರಿಗೆ ಬೇಕು, ಇದು ಉದ್ದವಾಯಿತು. ಆಗ ಕತ್ತರಿಸಬೇಕು. ಇಳಿದದ್ದು ಇಳಿದ ಹಾಗೇ ಉಳಿದರೆ ಎದ್ದು ಹೋಗಿದ್ದಾರೆ. ಅಲ್ಲಿ ಶಾಟ್ ಗಿಡ್ಡ ಮಾಡಿದರೆ ಪ್ರಯೋಜನವಾಗದು. ‘ಇಲ್ಲಿಗೆ ಮುಗೀತು’ ಎನ್ನಿಸುವ ಮಾತೋ, ದಿಢೀರನೆ ಏರಿದ ಸಂಗೀತವೋ, ವಿಷಯ ಬಿಟ್ಟು ಹೋದದ್ದೋ ಇರುತ್ತದೆ. ಅದನ್ನು ಗ್ರಾಫ್ ಹೇಳುವುದಿಲ್ಲ, ಆ ಜಾಗವನ್ನು ಹಿಂದೆ ಮುಂದೆ ಹದಿನೈದು ಸೆಕೆಂಡ್ ಸೇರಿಸಿ ಕಿವಿಗೊಟ್ಟು ಕೇಳಬೇಕು.

ಉಬ್ಬು ಕಂಡ ಕೂಡಲೇ ಹಿಗ್ಗುವುದೂ ಬೇಡ. ಜನ ಹಿಂದಕ್ಕೆಳೆದು ಮತ್ತೆ ನೋಡಿದ್ದಾರೆ, ಇಲ್ಲವೇ ನೇರ ಅಲ್ಲಿಗೇ ಹಾರಿ ಬಂದಿದ್ದಾರೆ ಎಂಬುದಷ್ಟೇ ಅದರ ಅರ್ಥ. ಕೈಚಳಕ ಕಂಡು ನೋಡಿರಬಹುದು, ಅಳತೆ ಕಿವಿಗೆ ಬೀಳದೆಯೂ ನೋಡಿರಬಹುದು. ಬಟ್ಟೆ ಎಳೆಯುವಾಗ ಹಿಂದಿನಿಂದ ಗಾಣದ ಸದ್ದು ಬಂದು ‘ಉರಿ ಸಣ್ಣ ಇರಲಿ’ ಎಂಬ ಮಾತು ಮುಳುಗಿದ್ದರೆ ಬೇಕಾದ್ದು ನಿಧಾನಗತಿಯಲ್ಲ, ಆಡಿಯೋ ರಿಪೇರಿ. ನಿಧಾನಗತಿ ಬೇಕೆಂದಾದರೆ ಆ ಶಾಟನ್ನು ಸೆಕೆಂಡಿಗೆ 50 ಫ್ರೇಮಿನಲ್ಲಿ ತೆಗೆದಿರಬೇಕು. 25 ಫ್ರೇಮಿನ ಟೈಮ್‌ಲೈನಿನಲ್ಲಿ ಅರ್ಧ ವೇಗಕ್ಕೆ ಅದು ನೀರಿನ ಹಾಗೆ ಹರಿಯುತ್ತದೆ. 25ರಲ್ಲೇ ತೆಗೆದದ್ದನ್ನು ಎಳೆದರೆ ಬಟ್ಟೆ ತಡವರಿಸುತ್ತದೆ. ಅದು ಎಡಿಟರನ ತಪ್ಪಲ್ಲ, ಕ್ಯಾಮೆರಾ ಹಿಡಿದವರಿಗೆ ಹೇಳಬೇಕಾದ ಮಾತು.

ಹಾಕಿ ಆಗಿರುವ ವೀಡಿಯೊದಲ್ಲಿ ರುಬ್ಬುವ ತುಂಡನ್ನು ಸ್ಟುಡಿಯೋದೊಳಗಿನ ಎಡಿಟರಿನಲ್ಲೇ ಕತ್ತರಿಸಬಹುದು, ಲಿಂಕೂ ವ್ಯೂಗಳೂ ಹಾಗೇ ಇರುತ್ತವೆ. ವೀಡಿಯೊದ ಶುರುವಿಗೆ ಹೊಸ ಶಾಟ್ ಸೇರಿಸಲು ಮಾತ್ರ ಬರುವುದಿಲ್ಲ. ಅದು ಮುಂದಿನ ವೀಡಿಯೊಕ್ಕೆ.

ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಎಂದು ಗೊತ್ತಾಗುವುದು ಹೇಗೆ ಎಂದು ಕೇಳುತ್ತಾರೆ. ಮೂರೂ ಗೆರೆಯ ಬೇರೆ ಬೇರೆ ಜಾಗದಲ್ಲಿರುವುದರಿಂದ ಬೇರೆ ಬೇರೆಯಾಗಿಯೇ ಅಳೆಯಬಹುದು, ಆದರೆ ಒಂದು ಎಚ್ಚರ ಬೇಕು. ಶುರುವಿನಲ್ಲಿ ಹೆಚ್ಚು ಜನ ಉಳಿದರೆ ಅದರ ನಂತರದ ಇಡೀ ಗೆರೆಯೂ ಮೇಲೇರುತ್ತದೆ. ಆದ್ದರಿಂದ ತಗ್ಗಿನ ಎತ್ತರವನ್ನು ನೋಡದೆ, ತಗ್ಗಿಗೆ ಮೊದಲು ಇದ್ದವರಲ್ಲಿ ಎಷ್ಟು ಮಂದಿ ಹೋದರು ಎಂದು ನೋಡಿ. ಈ ಸಲ 39ರಲ್ಲಿ 8, ಅಂದರೆ ಐವರಲ್ಲಿ ಒಬ್ಬರು. ಮುಂದಿನ ವೀಡಿಯೊದ ಇಂಥದೇ ಜಾಗದಲ್ಲಿ 50 ಇದ್ದದ್ದು 40 ಆದರೆ ಅಂಕಿ ದೊಡ್ಡದಾಗಿ ಕಂಡರೂ ಹೋದದ್ದು ಮತ್ತೆ ಐವರಲ್ಲಿ ಒಬ್ಬರೇ. ರುಬ್ಬುವ ಕಲ್ಲು ಇನ್ನೂ ಉದ್ದವಾಗಿಯೇ ತಿರುಗುತ್ತಿದೆ.