ಮೀಟರ್ 12.8 ತೋರಿಸಿದ ಮಾತ್ರಕ್ಕೆ ಯುಪಿಎಸ್ ಬ್ಯಾಟರಿ ಚೆನ್ನಾಗಿದೆ ಎಂದಲ್ಲ

"ಬ್ಯಾಟರಿ ಸರಿ ಇದೆ ಸಾರ್, ಮೀಟರ್ ಇಟ್ಟು ನೋಡಿದೆ, 12.8 ಬರ್ತಿದೆ. ಬೋರ್ಡೇ ಹೋಗಿರಬೇಕು." ಕರೆಂಟ್ ಹೋದ ಅರ್ಧ ನಿಮಿಷಕ್ಕೆ ಬೀಪ್ ಬೀಪ್ ಎಂದು ಕೂಗಿ ಕಂಪ್ಯೂಟರನ್ನು ಆರಿಸಿಬಿಡುವ ಯುಪಿಎಸ್ ತರುವವರಲ್ಲಿ ಬಹಳ ಮಂದಿ ಹೇಳುವುದು ಇದನ್ನೇ. ಅವರು ಓದಿದ ಅಂಕಿ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪು. ಈ ಒಂದು ತಪ್ಪಿನಿಂದಾಗಿ ಕೆಲಸ ಮಾಡುತ್ತಿದ್ದ ಬೋರ್ಡುಗಳು ರಿಪೇರಿಗೆ ಹೋಗುತ್ತವೆ, ಸತ್ತ ಬ್ಯಾಟರಿ ಇನ್ನೊಂದು ವರ್ಷ ಪೆಟ್ಟಿಗೆಯೊಳಗೇ ಕೂತಿರುತ್ತದೆ.

ಇಲ್ಲಿ ಹೇಳುತ್ತಿರುವುದು ಮನೆ, ಕಚೇರಿಗಳ ಮೇಜಿನ ಕೆಳಗಿರುವ 600 ವಿಎ ಆಸುಪಾಸಿನ ಯುಪಿಎಸ್ ಬಗ್ಗೆ. ಅದರೊಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ.

ಬ್ಯಾಟರಿಗೆ ತಾಗಿಸಿದ ಡಿಜಿಟಲ್ ಮೀಟರ್ ಅದರಿಂದ ಎಷ್ಟು ಕರೆಂಟ್ ಎಳೆಯುತ್ತದೆ? ಸಾಮಾನ್ಯ ಮೀಟರಿನ ಒಳರೋಧ 10 ಮೆಗಾಓಮ್. ಹಾಗಾಗಿ ಎಳೆಯುವುದು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಈಗ ಕಂಪ್ಯೂಟರ್ ಲೆಕ್ಕ ನೋಡಿ. ಸಿಪಿಯು ಡಬ್ಬ, ಮಾನಿಟರ್ ಸೇರಿ 150 ವ್ಯಾಟ್ ಎಳೆಯುತ್ತಿದೆ ಎನ್ನೋಣ. ಯುಪಿಎಸ್ ತಾನೂ ಒಂದಷ್ಟು ತಿನ್ನುತ್ತದೆ, ಆದ್ದರಿಂದ ಬ್ಯಾಟರಿ ಕೊಡಬೇಕಾದದ್ದು 185 ವ್ಯಾಟ್ ಹತ್ತಿರ. 11.5 ವೋಲ್ಟಿನಲ್ಲಿ ಅದು 16 ಆಂಪಿಯರ್. ಮೀಟರ್ ಕೇಳಿದ್ದಕ್ಕೂ ಕಂಪ್ಯೂಟರ್ ಕೇಳುವುದಕ್ಕೂ ಕೋಟಿ ಪಟ್ಟಿಗಿಂತ ಹೆಚ್ಚು ಅಂತರವಿದೆ. ಏನನ್ನೂ ಕೇಳದಿದ್ದಾಗ ಬ್ಯಾಟರಿ ಹೇಗಿರುತ್ತದೆ ಎಂದು ಮಾತ್ರ ಮೀಟರ್ ಹೇಳಿದೆ.

ಹಳೆಯ ಬ್ಯಾಟರಿಯಲ್ಲಿ ಕೆಡುವುದು ಮುಖ್ಯವಾಗಿ ಅದರ ಒಳರೋಧ. ಒಳಗಿನ ನೀರಿನಂಶ ಮೆಲ್ಲಗೆ ಆರುತ್ತದೆ, ಸೀಸದ ಜಾಲರಿ ಸವೆಯುತ್ತದೆ, ಪ್ಲೇಟುಗಳ ಮೇಲೆ ಗಟ್ಟಿ ಸಲ್ಫೇಟ್ ಕೂರುತ್ತದೆ. ಉಳಿದ ಆಸಿಡ್ ಸಾಕಷ್ಟು ಗಾಢವಾಗಿದ್ದರೆ ಲೋಡ್ ಇಲ್ಲದಾಗಿನ ವೋಲ್ಟೇಜ್ ಮಾತ್ರ ಚೆನ್ನಾಗಿಯೇ ಬರುತ್ತದೆ. ಹೊಸ 7 ಆಂಪಿಯರ್-ಅವರ್ ಬ್ಯಾಟರಿಯ ಒಳರೋಧ ಸುಮಾರು 0.025 ಓಮ್. 16 ಆಂಪಿಯರ್ ಎಳೆದಾಗ ಅದರಲ್ಲಿ ಕಳೆದುಹೋಗುವುದು 0.4 ವೋಲ್ಟ್, ಲೆಕ್ಕಕ್ಕೇ ಬಾರದಷ್ಟು. ಅದೇ ರೋಧ 0.15 ಓಮಿಗೆ ಏರಿದ್ದರೆ 2.4 ವೋಲ್ಟ್ ಒಳಗೇ ಕಳೆದುಹೋಗುತ್ತದೆ. 12.8ರಲ್ಲಿ 2.4 ಕಳೆದರೆ 10.4. ಯುಪಿಎಸ್ ಬ್ಯಾಟರಿ ಖಾಲಿ ಎಂದು ತೀರ್ಮಾನಿಸಿ ಆರುವುದು ಸಾಮಾನ್ಯವಾಗಿ 10ರಿಂದ 10.5 ವೋಲ್ಟಿನ ನಡುವೆ. ಹಾಗಾಗಿ ಕರೆಂಟ್ ಹೋದ ಕ್ಷಣದಲ್ಲೇ ಅದು ಗಡಿಯ ಮೇಲೆ ನಿಂತಿರುತ್ತದೆ, ಬೇಗ ಬೇಗ ಬೀಪ್ ಮಾಡುತ್ತದೆ, ಆರುತ್ತದೆ. ಲೋಡ್ ಹೋದ ಮೇಲೆ ವೋಲ್ಟೇಜ್ ಮತ್ತೆ ಮೇಲೇರುತ್ತದೆ. ನೀವು ಮೀಟರ್ ಹಿಡಿದು ಹೋಗುವುದು ಆಮೇಲೆ.

ಯುಎಸ್‌ಬಿ ಕೇಬಲ್ ಹಾಕಿದಾಗ ಪರದೆಯಲ್ಲಿ ಕಾಣುವ "ಬ್ಯಾಟರಿ 100%" ಎಂಬುದನ್ನೂ ಇದೇ ಎಚ್ಚರದಿಂದ ಓದಬೇಕು. ಅಗ್ಗದ ಯುಪಿಎಸ್‌ಗಳಲ್ಲಿ ಆ ಅಂಕಿ ಬರುವುದು ಹೆಚ್ಚಾಗಿ ವೋಲ್ಟೇಜ್ ನೋಡಿಯೇ. ಚಾರ್ಜ್ ತುಂಬಿದೆ ಎಂದರೆ ಬ್ಯಾಟರಿ ಆರೋಗ್ಯವಾಗಿದೆ ಎಂದು ಅರ್ಥವಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಲೋಡ್ ಕೊಟ್ಟು. ಅದಕ್ಕೆ ದುಬಾರಿ ಟೆಸ್ಟರ್ ಬೇಕಾಗಿಲ್ಲ. ಕಾರು, ಬೈಕಿನ ಹೆಡ್‌ಲೈಟಿಗೆ ಹಾಕುವ 12 ವೋಲ್ಟ್, 55 ವ್ಯಾಟ್ ಹ್ಯಾಲೊಜೆನ್ ಬಲ್ಬ್ ಒಂದು, ದಪ್ಪ ವೈರಿನ ಎರಡು ತುಂಡು, ಒಂದು ಮೀಟರ್ ಇದ್ದರೆ ಸಾಕು. ಎಲ್‌ಇಡಿ ಬಲ್ಬ್ ತರಬೇಡಿ, ಅದು ಬೇಕಾದಷ್ಟು ಕರೆಂಟ್ ಎಳೆಯುವುದಿಲ್ಲ.

ಮೊದಲು ಯುಪಿಎಸ್ ಅನ್ನು ಒಂದು ಇಡೀ ರಾತ್ರಿ, ಎಂಟು ಹತ್ತು ಗಂಟೆ, ಚಾರ್ಜಿಗೆ ಬಿಡಿ. ಒಳಗಿನ ಚಾರ್ಜರ್ ಸಣ್ಣದು, ಒಂದು ಗಂಟೆಯಲ್ಲಿ ಅದು ಬ್ಯಾಟರಿ ತುಂಬಿಸಲಾರದು. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಬ್ಯಾಟರಿಯನ್ನು ಹೊರಗೆ ತೆಗೆಯಿರಿ. ಮುಚ್ಚಳ ತೆಗೆದ ಯುಪಿಎಸ್‌ಗೆ ಕರೆಂಟ್ ಕೊಟ್ಟು ಬ್ಯಾಟರಿ ವೈರಿಗೆ ಮೀಟರ್ ಹಿಡಿಯುವ ಕೆಲಸ ದಯವಿಟ್ಟು ಬೇಡ. ಸಣ್ಣ ಯುಪಿಎಸ್‌ಗಳಲ್ಲಿ ಹಲವಕ್ಕೆ ಬ್ಯಾಟರಿ ಕಡೆಗೂ ಮೇನ್ಸ್ ಕಡೆಗೂ ನಡುವೆ ಪೂರ್ತಿ ತಡೆ ಇರುವುದಿಲ್ಲ. 12 ವೋಲ್ಟಿನ ತಂತಿ ಎಂದುಕೊಂಡು ಮುಟ್ಟಿದ್ದು ಶಾಕ್ ಹೊಡೆಯಬಹುದು.

ಹೊರತೆಗೆದ ಬ್ಯಾಟರಿಯನ್ನು ಎರಡು ಗಂಟೆ ಸುಮ್ಮನೆ ಇಡಿ. ಚಾರ್ಜರಿನಿಂದ ಬಿಡಿಸಿದ ಕೂಡಲೇ ಅಳೆದರೆ 13ರ ಮೇಲೆ ಬರುತ್ತದೆ, ಅದು ಮೇಲುಮೇಲಿನ ಚಾರ್ಜ್, ನಂಬುವಂಥದ್ದಲ್ಲ. ಎರಡು ಗಂಟೆಯ ನಂತರ 12.7ಕ್ಕಿಂತ ಮೇಲಿದ್ದರೆ ಬ್ಯಾಟರಿ ತುಂಬಿದೆ, ಪರೀಕ್ಷೆಗೆ ಸಿದ್ಧ. ಇಡೀ ರಾತ್ರಿ ಚಾರ್ಜಾಗಿಯೂ 10.5, 10.8 ಎಂದು ಬಂದರೆ ಮುಂದೆ ಪರೀಕ್ಷಿಸುವ ಅಗತ್ಯವೇ ಇಲ್ಲ. ಒಳಗಿನ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. 12.2ರ ಹತ್ತಿರ ಬಂದರೆ ಚಾರ್ಜರ್ ಮೇಲೂ ಅನುಮಾನ ಇಟ್ಟುಕೊಳ್ಳಿ. ಬೇರೆ ಚಾರ್ಜರಿನಲ್ಲಿ ತುಂಬಿಸಿ ನೋಡದೆ ತೀರ್ಮಾನ ಬೇಡ.

ಈಗ ಮೀಟರನ್ನು ಬ್ಯಾಟರಿಯ ಟರ್ಮಿನಲ್ ಕಡ್ಡಿಗಳಿಗೇ ನೇರವಾಗಿ ಹಿಡಿದು ಬಲ್ಬ್ ಹೊತ್ತಿಸಿ. ಮೀಟರಿನ ಕೆಂಪು ವೈರ್ ವೋಲ್ಟೇಜಿನ ತೂತಿನಲ್ಲೇ ಇದೆಯೇ ಎಂದು ಮೊದಲು ನೋಡಿಕೊಳ್ಳಿ. 10 ಆಂಪಿಯರಿನ ತೂತಿನಲ್ಲಿ ಬಿಟ್ಟು ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್. ಬಲ್ಬಿನ ಗಾಜು ಕೆಲವೇ ಕ್ಷಣದಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್, ಬಟ್ಟೆಯ ಮೇಲೆ ಇಡಬೇಡಿ.

ಈ ಬಲ್ಬ್ ಎಳೆಯುವುದು ನಾಲ್ಕೂವರೆ ಆಂಪಿಯರ್ ಹತ್ತಿರ. ಒಳ್ಳೆಯ ಬ್ಯಾಟರಿ ಇಷ್ಟಕ್ಕೆ ತುಸು ತಗ್ಗಿ, 12.3ರಿಂದ 12.5ರ ನಡುವೆ ಎಲ್ಲೋ ನಿಂತುಕೊಳ್ಳುತ್ತದೆ, ಆಮೇಲೆ ಬಹಳ ನಿಧಾನವಾಗಿ ಇಳಿಯುತ್ತದೆ. ಹದಿನೈದು ನಿಮಿಷ ಕಳೆದರೂ 11.5ರ ಮೇಲೇ ಇರಬೇಕು. ನೋಡಬೇಕಾದದ್ದು ಎರಡು: ಹೊತ್ತಿಸಿದ ಕೂಡಲೇ ಎಷ್ಟು ಬಿತ್ತು, ಆಮೇಲೆ ಎಷ್ಟು ವೇಗವಾಗಿ ಇಳಿಯಿತು. ಮೊದಲನೆಯದು ಒಳರೋಧ ಹೇಳುತ್ತದೆ, ಎರಡನೆಯದು ಉಳಿದ ಸಾಮರ್ಥ್ಯ.

ಒಂದು ಮಾದರಿ ಲೆಕ್ಕ ಹಾಕೋಣ. ಮೂರು ವರ್ಷ ಹಳೆಯ ಬ್ಯಾಟರಿ, ವಿಶ್ರಾಂತಿಯ ನಂತರ 12.7 ವೋಲ್ಟ್. ಬಲ್ಬ್ ಹೊತ್ತಿಸಿದ ಕೂಡಲೇ 11.6, ಎರಡು ನಿಮಿಷಕ್ಕೆ 10.9. ಬಿದ್ದದ್ದು 1.1 ವೋಲ್ಟ್, ಬಲ್ಬಿನ ಕರೆಂಟ್ 4.4 ಆಂಪಿಯರ್. 1.1 ಅನ್ನು 4.4ರಿಂದ ಭಾಗಿಸಿದರೆ ಒಳರೋಧ 0.25 ಓಮ್. ಈ ಬ್ಯಾಟರಿಯಿಂದ ಕಂಪ್ಯೂಟರಿನ 16 ಆಂಪಿಯರ್ ಎಳೆದರೆ ಒಳಗೇ 4 ವೋಲ್ಟ್ ಕಳೆದು 8.7ಕ್ಕೆ ಬರಬೇಕು. ಅಷ್ಟು ಕೆಳಗೆ ಹೋಗಲು ಯುಪಿಎಸ್ ಬಿಡುವುದಿಲ್ಲ, ಕರೆಂಟ್ ಹೋದೊಡನೆ ಆರಿಬಿಡುತ್ತದೆ. ಬೋರ್ಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಇದು ಅಂದಾಜಿನ ಲೆಕ್ಕ, ಪ್ರಯೋಗಾಲಯದ ಅಳತೆಯಲ್ಲ, ಆದರೆ ಬ್ಯಾಟರಿಯೋ ಬೋರ್ಡೋ ಎಂದು ನಿರ್ಧರಿಸಲು ಧಾರಾಳ ಸಾಕು.

ಪರೀಕ್ಷೆ ಮುಗಿದ ಮೇಲೆ ಬ್ಯಾಟರಿಯನ್ನು ಹಾಗೇ ಮೂಲೆಯಲ್ಲಿಡಬೇಡಿ. ಇಳಿದ ಲೆಡ್ ಆಸಿಡ್ ಬ್ಯಾಟರಿ ಚಾರ್ಜಿಲ್ಲದೆ ಕೂತಷ್ಟೂ ಸಲ್ಫೇಟ್ ಗಟ್ಟಿಯಾಗುತ್ತದೆ. ಅದೇ ದಿನ ಮತ್ತೆ ಚಾರ್ಜಿಗೆ ಹಾಕಿ.

ಬ್ಯಾಟರಿ ಪಾಸಾಯಿತು, ಆದರೂ ಬ್ಯಾಕಪ್ ಇಲ್ಲ ಎಂದಾದರೆ ಕಡ್ಡಿಗೆ ಸಿಕ್ಕಿಸುವ ಟರ್ಮಿನಲ್ ಕ್ಲಿಪ್ಪುಗಳನ್ನು ನೋಡಿ. ಕ್ಲಿಪ್ ಸಡಿಲವಾಗಿದ್ದರೆ, ಕಪ್ಪಾಗಿದ್ದರೆ, ಅದರ ಪ್ಲಾಸ್ಟಿಕ್ ಹೊದಿಕೆ ಕಂದಿದ್ದರೆ ಅಲ್ಲೇ ತೊಂದರೆ. ಬರೀ 0.05 ಓಮಿನ ಕೆಟ್ಟ ಜೋಡಣೆ 16 ಆಂಪಿಯರಿನಲ್ಲಿ 0.8 ವೋಲ್ಟ್ ತಿಂದುಬಿಡುತ್ತದೆ. ಇಕ್ಕಳದಿಂದ ಸ್ವಲ್ಪ ಬಿಗಿ ಮಾಡಿದರೆ, ಸುಟ್ಟಿದ್ದರೆ ಬದಲಿಸಿದರೆ ಮುಗಿಯಿತು.

ಇನ್ನು ಲೋಡ್. ಕಂಪ್ಯೂಟರಿನ ಪವರ್ ಸಪ್ಲೈ ಮೇಲೆ 450 ವ್ಯಾಟ್ ಎಂದು ಬರೆದಿದೆ ಎಂದು ಗಾಬರಿಯಾಗುವವರಿದ್ದಾರೆ. ಅದು ಕೊಡಬಲ್ಲ ಗರಿಷ್ಠ, ಎಳೆಯುತ್ತಿರುವುದಲ್ಲ. ನಿಜವಾದ ಲೋಡ್ ತಿಳಿಯಲು ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್‌ಮೀಟರ್ ಬಳಸಿ. ಯುಪಿಎಸ್ ಪ್ಲಗ್ಗಿಗೆ ಬೇಡ, ಅಲ್ಲಿ ಚಾರ್ಜರಿನ ಲೆಕ್ಕವೂ ಸೇರುತ್ತದೆ. ಯುಪಿಎಸ್‌ಗೆ ಸಿಕ್ಕಿಸುವ ಎಕ್ಸ್‌ಟೆನ್ಷನ್ ಬೋರ್ಡನ್ನು ಗೋಡೆಯ ಸಾಕೆಟ್ಟಿಗೆ ಹಾಕಿ ಅಳೆಯಿರಿ, ಖಾಲಿ ಕೂತಾಗಲೂ ಕೆಲಸ ಮಾಡುವಾಗಲೂ. ಅದೇ ಬೋರ್ಡಿನಲ್ಲಿ ಲೇಸರ್ ಪ್ರಿಂಟರ್ ಸಿಕ್ಕಿದ್ದರೆ ಹುಡುಕಾಟ ಅಲ್ಲಿಗೇ ನಿಂತೀತು. ಅದರ ಹೀಟರ್ ಬಿಸಿಯಾಗುವಾಗ ಕೆಲವು ನೂರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ತಡೆಯುವುದು 360 ವ್ಯಾಟ್ ಮಾತ್ರ.

ಹೊಸ ಬ್ಯಾಟರಿಯಿಂದಲೂ ಎಷ್ಟು ನಿರೀಕ್ಷಿಸಬೇಕು ಎಂಬುದೂ ಇಲ್ಲೇ ಇತ್ಯರ್ಥವಾಗಲಿ. 7 ಆಂಪಿಯರ್-ಅವರ್ ಎಂಬ ಅಂಕಿ 20 ಗಂಟೆ ಕಾಲ 0.35 ಆಂಪಿಯರಿನಂತೆ ನಿಧಾನವಾಗಿ ಎಳೆದಾಗಿನದು. 16 ಆಂಪಿಯರ್ ಎಳೆದರೆ ಹನ್ನೆರಡು, ಹದಿನೈದು ನಿಮಿಷ. ಲೋಡ್ ಅರ್ಧಕ್ಕೆ ಇಳಿದರೆ ಅರ್ಧ ಗಂಟೆಯ ಆಸುಪಾಸು. ಹೊಸದು ಹಾಕಿ ಹದಿನೈದು ನಿಮಿಷ ಬಂದರೆ ಅದು ಮೋಸವಲ್ಲ, ಅದೇ ಅದರ ಅಳತೆ. ಹೆಚ್ಚು ಬೇಕೆಂದು ದೊಡ್ಡ ಕಾರ್ ಬ್ಯಾಟರಿ ಕಟ್ಟಿದರೆ ಆ ಸಣ್ಣ ಚಾರ್ಜರ್ ಅದನ್ನು ತುಂಬಿಸಲಾರದು. ಸ್ವಲ್ಪ ಹೊತ್ತು ಓಡಲೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ಗಂಟೆಗಟ್ಟಲೆ ಕಾದು ಸುಡುತ್ತದೆ.

ಬ್ಯಾಟರಿ ಬದಲಿಸುವಾಗ ಹಳೆಯದು ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಚಾರ್ಜರ್ ಹೆಚ್ಚು ವೋಲ್ಟೇಜ್ ಕೊಡುತ್ತಿರಬಹುದು ಅಥವಾ ಯುಪಿಎಸ್ ಗಾಳಿಯಾಡದ ಬಿಸಿ ಜಾಗದಲ್ಲಿರಬಹುದು. ಕಾರಣ ಸರಿಪಡಿಸದೆ ಹಾಕಿದ ಹೊಸದೂ ಬೇಗ ಅದೇ ಗತಿಗೆ ಬರುತ್ತದೆ. ಚಾರ್ಜರ್ ಪರೀಕ್ಷೆಯನ್ನು ಮಾತ್ರ ಆ ಕೆಲಸ ಬಲ್ಲವರಿಗೇ ಬಿಡಿ. ಕೆಂಪು, ಕಪ್ಪು ವೈರ್ ಅದಲುಬದಲಾದರೆ ಫ್ಯೂಸ್ ಹೋಗುತ್ತದೆ, ಎಷ್ಟೋ ಸಲ ಅದರ ಜೊತೆ ಬೋರ್ಡಿನಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್ಟುಗಳೂ ಹೋಗುತ್ತವೆ, ಆಗ ನಿಜವಾಗಿಯೂ ಬೋರ್ಡ್ ರಿಪೇರಿ ಬೇಕಾಗುತ್ತದೆ.

ಹೊಸ ಬ್ಯಾಟರಿಯನ್ನೂ ಒಂದು ರಾತ್ರಿ ಚಾರ್ಜ್ ಮಾಡಿ, ಮೇನ್ಸ್ ಆರಿಸಿ ಗಡಿಯಾರ ನೋಡಿ. ಕಂಪ್ಯೂಟರಿನ ಬದಲು 100 ವ್ಯಾಟಿನ ಫಿಲಮೆಂಟ್ ಬಲ್ಬ್ ಹಾಕಿ ಈ ಪರೀಕ್ಷೆ ಮಾಡಿದರೆ ಫೈಲುಗಳಿಗೆ ಅಪಾಯವಿಲ್ಲ. ಬಲ್ಬ್ ಪರೀಕ್ಷೆಯಲ್ಲಿ ಗೆದ್ದ ಬ್ಯಾಟರಿ, ಬಿಗಿಯಾದ ಕ್ಲಿಪ್ಪು, ಅಳತೆಯೊಳಗಿನ ಲೋಡ್, ಇಷ್ಟೂ ಇದ್ದು ಒಂದೆರಡು ನಿಮಿಷಕ್ಕೇ ಆರಿದರೆ, ಆಗ ಬೋರ್ಡನ್ನು ರಿಪೇರಿಗೆ ಕೊಡಿ.