ರೀಫೀಡಿಂಗ್ ಸಿಂಡ್ರೋಮ್: ಊಟ ಶುರುವಾದ ಮೇಲೆ ಬರುವ ಅಪಾಯ

ಅನೊರೆಕ್ಸಿಯಾ ನರ್ವೋಸಾ ಇರುವವರು ವಾರ್ಡಿಗೆ ಸೇರಿದ ದಿನ ರಕ್ತದ ರಿಪೋರ್ಟ್ ನಾರ್ಮಲ್ ಬಂದರೆ ಟೀಮಿಗೆಲ್ಲ ಸಮಾಧಾನ. ಅಷ್ಟು ಬೇಗ ಸಮಾಧಾನ ಪಡಬೇಡಿ. ಇವರಿಗೆ ಹೆಚ್ಚಿನ ಅಪಾಯ ಬರುವುದು ಊಟ ಶುರುವಾದ ಮೇಲೆ, ಮುಖ್ಯವಾಗಿ ಮೊದಲ ಐದು ದಿನಗಳಲ್ಲಿ. ಅದಕ್ಕೇ ರೀಫೀಡಿಂಗ್ ಸಿಂಡ್ರೋಮ್ ಅನ್ನುವುದು.

ತಿಂಗಳುಗಟ್ಟಲೆ ಸರಿಯಾಗಿ ತಿನ್ನದಿದ್ದರೆ ದೇಹ ತನ್ನ ಕೊಬ್ಬು, ಸ್ನಾಯುಗಳನ್ನೇ ಕರಗಿಸಿಕೊಂಡು ಬದುಕುತ್ತದೆ. ಜೀವಕೋಶಗಳೊಳಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಖಾಲಿಯಾಗುತ್ತಾ ಹೋಗುತ್ತವೆ, ಆದರೆ ರಕ್ತದಲ್ಲಿ ಅವುಗಳ ಮಟ್ಟ ಸರಿಯಾಗೇ ಕಾಣುತ್ತಿರುತ್ತದೆ. ಗೋದಾಮು ಖಾಲಿ, ಅಂಗಡಿ ಮುಂದೆ ಮಾತ್ರ ಸಾಮಾನು ಜೋಡಿಸಿಟ್ಟ ಹಾಗೆ. ಅನ್ನ, ಗಂಜಿ, ಡೆಕ್ಸ್‌ಟ್ರೋಸ್ ಡ್ರಿಪ್, ಏನೇ ಕೊಟ್ಟರೂ ಇನ್ಸುಲಿನ್ ಏರುತ್ತದೆ, ಈ ಮೂರೂ ರಕ್ತದಿಂದ ಜೀವಕೋಶಗಳೊಳಗೆ ನುಗ್ಗುತ್ತವೆ, ರಕ್ತದಲ್ಲಿ ಥಟ್ಟನೆ ಕುಸಿಯುತ್ತವೆ. ಫಾಸ್ಫೇಟ್ ತೀರಾ ಇಳಿದರೆ ಹೃದಯ ಸೋಲುತ್ತದೆ, ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಸಕ್ಕರೆ ಅಂಶ ಬಳಸಿಕೊಳ್ಳಲು ಥಯಾಮಿನ್ ಬೇಕು, ಅದೂ ಇವರಲ್ಲಿ ಕಡಿಮೆಯೇ ಇರುತ್ತದೆ. ಹಾಗಾಗಿ ಮೊದಲ ತುತ್ತಿಗೂ ಮುಂಚೆ, ಡ್ರಿಪ್‌ಗೂ ಮುಂಚೆ 100 ಮಿಲಿಗ್ರಾಂ ಥಯಾಮಿನ್ ಹೋಗಿರಬೇಕು.

ಯಾರಿಗೆ ಅಪಾಯ ಜಾಸ್ತಿ? ಬ್ರಿಟನ್ನಿನ ನೈಸ್ ಮಾರ್ಗಸೂಚಿಯ ಪ್ರಕಾರ ಬಿಎಂಐ 16ಕ್ಕಿಂತ ಕಡಿಮೆ, ಅಥವಾ 10 ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಹೆಚ್ಚುಕಡಿಮೆ ಏನೂ ಹೋಗದಿದ್ದರೆ ಅಪಾಯ. ಬಿಎಂಐ 14ಕ್ಕಿಂತ ಕೆಳಗಿದ್ದರೆ ಅಥವಾ 15 ದಿನ ದಾಟಿದ್ದರೆ ತೀವ್ರ ಅಪಾಯ. ಆದರೆ ಬಿಎಂಐ ಒಂದನ್ನೇ ನಂಬಿ ಕೂರುವುದು ಸರಿಯಲ್ಲ. ನಾಡಿ 40ಕ್ಕಿಂತ ಕೆಳಗೆ ಇದೆಯಾ, ಎದ್ದು ನಿಂತಾಗ ಬಿಪಿ 20ಕ್ಕಿಂತ ಜಾಸ್ತಿ ಇಳಿಯುತ್ತದೆಯಾ, ಇಸಿಜಿಯಲ್ಲಿ ಕ್ಯೂಟಿಸಿ ಉದ್ದವಾಗಿದೆಯಾ ನೋಡಿ. ಜೊತೆಗೆ ಇನ್ನೊಂದು ಪರೀಕ್ಷೆ ಮಾಡಿ, ಅದಕ್ಕೆ ಯಂತ್ರವೇ ಬೇಡ: ಕುಕ್ಕರಗಾಲಲ್ಲಿ ಕೂತು ಕೈ ಊರದೆ ಏಳಲು ಹೇಳಿ. ಆಗದಿದ್ದರೆ ಸ್ನಾಯು ಎಷ್ಟು ಸವೆದಿದೆ ಅಂತ ಗೊತ್ತಾಗುತ್ತದೆ.

ಹಲವು ಕೇಸ್‌ಗಳನ್ನು ಸೇರಿಸಿ ಮಾಡಿದ ಒಂದು ಉದಾಹರಣೆ ನೋಡೋಣ. 19 ವರ್ಷದ ಹುಡುಗಿ, ಎತ್ತರ 158 ಸೆಂಟಿಮೀಟರ್, ತೂಕ 34 ಕೆ.ಜಿ., ಅಂದರೆ ಬಿಎಂಐ 13.6. ನಾಡಿ 42. ಫಾಸ್ಫೇಟ್ ಡೆಸಿಲೀಟರ್‌ಗೆ 3.4 ಮಿಲಿಗ್ರಾಂ, ನಮ್ಮ ಲ್ಯಾಬ್‌ಗಳ ಲೆಕ್ಕದಲ್ಲಿ ನಾರ್ಮಲ್. ಅಪಾಯ ತೀವ್ರ ಆದ್ದರಿಂದ ಕೆ.ಜಿ.ಗೆ 20 ಕ್ಯಾಲೊರಿಯಂತೆ ದಿನಕ್ಕೆ 680ರಿಂದ ಶುರು ಮಾಡಿದೆವು ಅಂದುಕೊಳ್ಳಿ. ಎರಡನೇ ದಿನ 900. ಮೂರನೇ ದಿನ ಬೆಳಿಗ್ಗೆ ನಾಡಿ 88, ತೂಕ 35.6.

ಚಾರ್ಟ್ ನೋಡಿದವರು "ಪರವಾಗಿಲ್ವೇ, ಚೇತರಿಸಿಕೊಳ್ತಿದ್ದಾಳೆ" ಅಂದುಬಿಡಬಹುದು. ಅಲ್ಲ. ಈ ಊಟಕ್ಕೆ ಎರಡು ದಿನದಲ್ಲಿ ಒಂದೂವರೆ ಕೆ.ಜಿ. ಮಾಂಸ ಬೆಳೆಯುವುದಿಲ್ಲ, ಅದು ನೀರು; ಕಣಕಾಲು ಒತ್ತಿದರೆ ಗುಳಿ ಬೀಳುತ್ತದೆ. ಮಲಗಿದ್ದವಳ ನಾಡಿ 42ರಿಂದ ಒಮ್ಮೆಲೇ 88ಕ್ಕೆ ಹೋಗಿದ್ದರೆ ಹೃದಯ ಒದ್ದಾಡುತ್ತಿರಬಹುದು. ಫಾಸ್ಫೇಟ್ ತರಿಸಿದರೆ 2.2. ಮೊದಲಿನದಕ್ಕೆ ಹೋಲಿಸಿದರೆ 35 ಶೇಕಡಾ ಇಳಿಕೆ. ಊಟ ಶುರುವಾದ ಐದು ದಿನದೊಳಗೆ 30 ಶೇಕಡಾ ದಾಟಿ ಇಳಿದರೆ ತೀವ್ರ ಅಂತ ಲೆಕ್ಕ.

ಈಗ ಏನು ಮಾಡಬೇಕು? ಊಟ ನಿಲ್ಲಿಸಬೇಡಿ, ಆದರೆ ಏರಿಸಲೂ ಬೇಡಿ, 900ರಲ್ಲೇ ಇರಲಿ. ಬಾಯಿಂದ ಫಾಸ್ಫೇಟ್ ಶುರು ಮಾಡಿ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ ಕೊರತೆ ತುಂಬಿ, ಇಸಿಜಿ ತೆಗೆಯಿರಿ, 12 ಗಂಟೆಗೊಮ್ಮೆ ರಕ್ತ ನೋಡಿ. ಫಾಸ್ಫೇಟ್ 1ಕ್ಕಿಂತ ಕೆಳಗೆ ಬಿದ್ದರೆ, ಅಥವಾ ಉಸಿರಾಟದ ತೊಂದರೆ, ಗೊಂದಲ ಕಂಡರೆ ರಕ್ತನಾಳದ ಮೂಲಕವೇ ಕೊಡಬೇಕು, ಆಗ ಕ್ಯಾಲ್ಸಿಯಂ ಇಳಿಯಬಹುದು, ಅದನ್ನೂ ನೋಡುತ್ತಿರಿ. ಈ ಹುಡುಗಿಯ ಫಾಸ್ಫೇಟ್ ಐದನೇ ದಿನ 2.9ಕ್ಕೆ ಬಂತು, ಅಲ್ಲಿಂದ ದಿನಕ್ಕೆ 200ರಂತೆ ಮತ್ತೆ ಏರಿಸಬಹುದು. ಏರಿಸಿದಾಗಲೆಲ್ಲ ಮಾರನೇ ದಿನ ರಕ್ತ ನೋಡಲೇಬೇಕು.

ಇನ್ನೊಂದು ತಪ್ಪೂ ಇದೆ, ಮತ್ತು ನನ್ನ ಪ್ರಕಾರ ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ರೀಫೀಡಿಂಗ್ ಭಯಕ್ಕೆ ವಾರಗಟ್ಟಲೆ 500-600 ಕ್ಯಾಲೊರಿಯಲ್ಲೇ ಇಟ್ಟರೆ ವಾರ್ಡಿನಲ್ಲಿದ್ದೇ ತೂಕ ಇಳಿಯುತ್ತದೆ. 2022ರ ಬ್ರಿಟಿಷ್ ಮೀಡ್ ಮಾರ್ಗಸೂಚಿ ಇದನ್ನೂ ಅಪಾಯ ಅಂತಲೇ ಎಣಿಸುತ್ತದೆ. ಕಡಿಮೆ ಅಪಾಯದ ವಯಸ್ಕರಿಗೆ 1400ರಿಂದ 2000 ಕ್ಯಾಲೊರಿಯಲ್ಲೇ ಶುರು ಮಾಡಬಹುದು ಅನ್ನುತ್ತದೆ. ಸ್ಥಿತಿ ಸರಿ ಇದ್ದರೆ ಏರಿಸದೆ ಕೂರಲು ಕಾರಣ ಬೇಕು, ಆ ಕಾರಣ ಕೇಸ್ ಶೀಟಿನಲ್ಲಿ ಬರೆದಿರಬೇಕು.

ನಮ್ಮ ಕಡೆ ಮನೆಯವರು ಹಾಸಿಗೆ ಪಕ್ಕದಲ್ಲೇ ಇರುತ್ತಾರೆ. ಪ್ರೀತಿಯಿಂದ ಗ್ಲೂಕೋಸ್ ನೀರು, ಸಕ್ಕರೆ ಹಾಕಿದ ಜ್ಯೂಸು ಕುಡಿಸುತ್ತಾರೆ. ಅವರನ್ನು ಗದರಬೇಡಿ. "ಅಮ್ಮಾ, ನೀವು ಏನೇ ಕೊಟ್ಟರೂ ಮೊದಲು ಸಿಸ್ಟರ್‌ಗೆ ಒಂದು ಮಾತು ಹೇಳಿ, ನಾವು ಬರೆದುಕೊಳ್ಳಬೇಕು" ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ. ರಾತ್ರಿ ಪಾಳಿಯವರಿಗೂ ಆ ಪಟ್ಟಿ ಸಿಗುವಂತಿರಲಿ.